ನಮ್ಮ ಮಷಿನ್ ಶಾಪಿಗೆ ವಿಷನ್, ಮಿಷನ್ ಬರೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಪೀಣ್ಯ, ಮಷಿನ್ ಶಾಪ್: ನಮ್ಮದು 28 ಜನರ ಶಾಪ್. ಹೊಸ ಗ್ರಾಹಕರೊಬ್ಬರು ವೆಂಡರ್ ಫಾರಂ ಕಳಿಸಿದ್ದಾರೆ, ಅದರಲ್ಲಿ ವಿಷನ್, ಮಿಷನ್, ವ್ಯಾಲ್ಯೂಸ್ ಅಂತ ಮೂರು ಖಾಲಿ ಡಬ್ಬಿ. ತಮ್ಮ ಬರೆದದ್ದು: ‘ವಿಶ್ವದರ್ಜೆಯ ಗುಣಮಟ್ಟದ ಮೂಲಕ ಗ್ರಾಹಕರ ಸಂಪೂರ್ಣ ತೃಪ್ತಿ.’ ಪಕ್ಕದ ಶೆಡ್ಡಿನವರ ಬೋರ್ಡಿನಲ್ಲೂ ಹೆಚ್ಚುಕಮ್ಮಿ ಇದೇ ಇದೆ. ನಮ್ಮದೇ ಅನ್ನಿಸೋ ಹಾಗೆ ಬರೆಯೋದು ಹೇಗೆ?

ತುಮಕೂರು, ಶೀಟ್ ಮೆಟಲ್: ಐಎಸ್‌ಒ 9001 ಕ್ವಾಲಿಟಿ ಸರ್ಟಿಫಿಕೇಟ್ ತಗೋಬೇಕಾದ್ರೆ ವಿಷನ್, ಮಿಷನ್ ಕಡ್ಡಾಯ ಸರ್. ಆಡಿಟರ್ ಮೊದಲು ಕೇಳೋದೇ ಅದು. ನಮ್ಮ ಕನ್ಸಲ್ಟೆಂಟ್ ಕೊಟ್ಟ ಫೈಲಲ್ಲಿ ಕಂಪನಿ ಹೆಸರಿನ ಜಾಗ ಖಾಲಿ ಇತ್ತು. ನಮ್ಮ ಹೆಸರು ತುಂಬಿದ್ವಿ, ಪಾಸಾಯ್ತು. ತಲೆ ಕೆಡಿಸ್ಕೋಬೇಡಿ.

ಮೈಸೂರು: ನಾಲ್ಕು ಪದದ ಸಂಸ್ಕೃತ ಸೂಕ್ತಿ ಹಾಕಿ, ಲೋಗೋ ಕೆಳಗೆ ಚೆನ್ನಾಗಿ ಕೂರುತ್ತೆ. ಲೋಗೋ ಡಿಸೈನ್ ಮಾಡುವವರು ಬೇಕಿದ್ದರೆ ನನ್ನ ಪರಿಚಯದವರಿದ್ದಾರೆ.

ರಾಜಾಜಿನಗರ, ನಿವೃತ್ತ ಕ್ವಾಲಿಟಿ ಮ್ಯಾನೇಜರ್: ತುಮಕೂರಿನವರು ಹೇಳಿದ್ದು ಅರ್ಧ ಸರಿ. 9001 ಕೇಳೋದು ಕ್ವಾಲಿಟಿ ಪಾಲಿಸಿ, ಅದು 5.2ನೇ ಕ್ಲಾಜ್. ವಿಷನ್, ಮಿಷನ್ ಬರೆದೇ ತೀರಬೇಕು ಅಂತ ಅದರಲ್ಲಿಲ್ಲ. ಪಾಲಿಸಿ ನಿಮ್ಮ ಸಂಸ್ಥೆಯ ಉದ್ದೇಶಕ್ಕೆ, ಸಂದರ್ಭಕ್ಕೆ ಹೊಂದಬೇಕು ಅಂತಲೂ ಅದೇ ಕ್ಲಾಜ್ ಹೇಳುತ್ತೆ. ಹೆಸರು ತುಂಬಿದ ಪಾಲಿಸಿ ಪಾಸಾಗಿದ್ದರೆ ಅದು ಆಡಿಟರ್ ಅವಸರದಲ್ಲಿದ್ದ ಪುಣ್ಯ.

ಒಂದೇ ಪದ ಎಷ್ಟು ಕೆಲಸ ಮಾಡುತ್ತೆ ನೋಡಿ. ಮದುರೈನಲ್ಲಿ 1976ರಲ್ಲಿ ಡಾ. ವೆಂಕಟಸ್ವಾಮಿಯವರು 11 ಹಾಸಿಗೆಯಿಂದ ಶುರುಮಾಡಿದ ಅರವಿಂದ ಕಣ್ಣಾಸ್ಪತ್ರೆಯ ಗುರಿ ‘ಅನಗತ್ಯ ಅಂಧತ್ವ ತೊಲಗಿಸುವುದು’. ‘ಅತ್ಯುತ್ತಮ ನೇತ್ರ ಚಿಕಿತ್ಸೆ’ ಅಂದಿದ್ದರೆ ಯಾವ ಕಣ್ಣಾಸ್ಪತ್ರೆಗಾದರೂ ಅಂಟಿಸಬಹುದಿತ್ತು. ‘ಅನಗತ್ಯ’ ಅಂದ ತಕ್ಷಣ, ಆಪರೇಷನ್ ಮಾಡಿದರೆ ದೃಷ್ಟಿ ಬರುವಂಥ, ಆದರೆ ದುಡ್ಡಿಲ್ಲದೆಯೋ ದೂರವಾಗಿಯೋ ಕುರುಡರಾಗಿ ಉಳಿದವರು ಕಣ್ಮುಂದೆ ಬರುತ್ತಾರೆ. ಆಮೇಲಿನದು ಅದರ ಹಿಂದೆಯೇ ಬಂತು: ಹಳ್ಳಿ ಹಳ್ಳಿಯಲ್ಲಿ ಕ್ಯಾಂಪು, ದುಡ್ಡು ಕೊಡಲಾಗದವರಿಗೆ ಉಚಿತ ಪೊರೆ ಆಪರೇಷನ್. ಕಣ್ಣೊಳಗೆ ಕೂರಿಸುವ ಲೆನ್ಸ್ ದುಬಾರಿ ಅಂತ 1992ರಲ್ಲಿ ಅರೋಲ್ಯಾಬ್ ತೆಗೆದು ತಾವೇ ಲೆನ್ಸ್ ಮಾಡತೊಡಗಿದರು. ಆಸ್ಪತ್ರೆಗೆ ಲೆನ್ಸ್ ಫ್ಯಾಕ್ಟರಿ ಯಾಕೆ ಅಂತ ಕೇಳಿದರೆ ಉತ್ತರ ಆ ಒಂದು ವಾಕ್ಯದಲ್ಲಿದೆ.

ಹಾಗಾಗಿ ನೀವು ಪದ ಹುಡುಕೋಕೆ ಮೊದಲು ಆರ್ಡರ್ ಫೈಲ್ ತೆಗೆಯಿರಿ. ನಾನು ಕೇಳೋದು ಮೂರೇ: ಯಾವ ಕೆಲಸ ಬೇಡ ಅಂದಿರಿ? ನಾಳೆ ಶಟರ್ ಎಳೆದರೆ ಯಾರಿಗೆ ಕಷ್ಟ? ಕೈಯಿಂದ ದುಡ್ಡು ಕಳೆದುಕೊಂಡಾದರೂ ಸರಿ ಅಂತ ಏನು ಮಾಡಿದಿರಿ?

ಬೆಳಗಾವಿ, ಫೌಂಡ್ರಿ: ನಮ್ಮ ಫೌಂಡ್ರ್ಯಾಗೂ ಇದ ಕಥಿ ರೀ. ಬೋರ್ಡಿನ ಮ್ಯಾಲೆ ‘ಸುರಕ್ಷತೆಯೇ ಮೊದಲು’ ಅಂತ ಬರದಿತ್ತು, ಕೆಳಗ ಹುಡುಗೂರು ಚಪ್ಪಲ್ ಹಾಕ್ಕೊಂಡ ಕರಗಿಸಿದ ಕಬ್ಬಿಣ ಸುರೀತಿದ್ರು. ಒಂದಿನ ಒಬ್ಬನ ಕಾಲ ಮ್ಯಾಲೆ ಬಿತ್ತು. ಆಮ್ಯಾಲೆ ಬೋರ್ಡ್ ತಗದು, ‘ಬೂಟ ಇಲ್ಲದವ ಲ್ಯಾಡಲ್ ಮುಟ್ಟಂಗಿಲ್ಲ, ಮಾಲಕನೂ ಸೈತ’ ಅಂತ ಬರಸಿದ್ವಿ. ಮೊದಲನೇ ವಾರ ನನ್ನನ್ನ ತಡದ್ರು! ಆವಾಗಿಂದ ಯಾರೂ ನಗಂಗಿಲ್ಲ.

ಪೀಣ್ಯ, ಮಷಿನ್ ಶಾಪ್: ಮೂರಕ್ಕೂ ಉತ್ತರ ಬರೀತೀನಿ. ಹೋದ ವರ್ಷ ತಿಂಗಳಿಗೆ 40,000 ಪಿನ್ ಮಾಡೋ ಆಟೋ ಆರ್ಡರ್ ಬಿಟ್ವಿ, ಎರಡು ಮಷಿನ್ ಪೂರ್ತಿ ಅದಕ್ಕೇ ಸಿಕ್ಕಿಹಾಕಿಕೊಳ್ತಿತ್ತು. ನಾವು ಮಾಡೋದು ಹೈಡ್ರಾಲಿಕ್ ವಾಲ್ವಿನ ಸ್ಪೂಲ್, ಅಂದ್ರೆ ವಾಲ್ವ್ ಒಳಗೆ ಜಾರಿ ಆಯಿಲ್ ದಾರಿ ಬದಲಿಸೋ ಉರುಳೆ, 20ರಿಂದ 300 ಪೀಸಿನ ಬ್ಯಾಚ್. ಶಾಪ್ ಮುಚ್ಚಿದರೆ ಒದ್ದಾಡೋರು ರಿಪೇರಿ ಮಾಡೋರು. ಹಳೇ ಪ್ರೆಸ್ ನಿಂತಾಗ ಒಂದು ಸ್ಪೂಲಿಗೆ ನಮ್ಮ ಹತ್ರ ಓಡಿ ಬರ್ತಾರೆ, ಹೊರದೇಶದಿಂದ ತರಿಸಿದರೆ ವಾರಗಟ್ಟಲೆ. ಮೂರನೇದು: 180 ಸ್ಪೂಲ್ 6 ಮೈಕ್ರಾನ್ ಹೆಚ್ಚು ಗ್ರೈಂಡ್ ಆಗಿ ಅಳತೆಗಿಂತ ಸಣ್ಣದಾಗಿತ್ತು. ಹಾಕಿದ್ದರೆ ವಾಲ್ವ್ ಒಳಗೆ ಆಯಿಲ್ ಲೀಕ್. ಗ್ರಾಹಕರಿಗೆ ಅದು ಗೊತ್ತಾಗುವುದು ಟೆಸ್ಟ್ ಬೆಂಚಲ್ಲಿ ಅಷ್ಟೇ. ಕಳಿಸೋ ಮೊದಲೇ ಫೋನ್ ಮಾಡಿ ಹೇಳಿ, ಸ್ಕ್ರ್ಯಾಪ್ ಹಾಕಿದ್ವಿ.

ರಾಜಾಜಿನಗರ, ನಿವೃತ್ತ ಕ್ವಾಲಿಟಿ ಮ್ಯಾನೇಜರ್: ಅರ್ಧ ಕೆಲಸ ನೀವೇ ಮುಗಿಸಿದಿರಿ. ಇದು ನನ್ನ ಕರಡು, ತಿದ್ದಿ.

ಮಿಷನ್: ‘ಹೈಡ್ರಾಲಿಕ್ ವಾಲ್ವ್ ಮಾಡುವವರಿಗೂ ರಿಪೇರಿ ಮಾಡುವವರಿಗೂ ಸ್ಪೂಲ್ ಮಾಡಿಕೊಡುತ್ತೇವೆ. ದೊಡ್ಡ ಶಾಪ್‌ಗಳು ಸಣ್ಣ ಬ್ಯಾಚ್ ಎಂದು ಬಿಡುವ ಆರ್ಡರೇ ನಮ್ಮ ಕೆಲಸ.’

ವಿಷನ್: ‘ಒಂದು ಸ್ಪೂಲಿಗಾಗಿ ದಕ್ಷಿಣ ಭಾರತದ ಯಾವ ಪ್ರೆಸ್ಸೂ ವಾರಗಟ್ಟಲೆ ನಿಲ್ಲಬಾರದು.’ ವಿಷನ್ನಲ್ಲಿ ನಿಮ್ಮ ಟರ್ನೋವರ್ ಬೇಡ. ನಿಮ್ಮ ಗೇಟಿನ ಹೊರಗೆ ಏನು ಬದಲಾಗಬೇಕು ಅನ್ನೋದು ಸಾಕು.

ಮೌಲ್ಯ ಒಂದೇ ಇರಲಿ: ‘ತಪ್ಪಾದ ಪೀಸ್ ಗೇಟ್ ದಾಟುವ ಮೊದಲು ಗ್ರಾಹಕರಿಗೆ ಫೋನ್ ಹೋಗುತ್ತದೆ. ತಪ್ಪನ್ನು ತಾವೇ ಬಂದು ಹೇಳಿದವರಿಗೆ ದಂಡ ಇಲ್ಲ.’ ಪ್ರಾಮಾಣಿಕತೆ ಅಂತ ಒಂದೇ ಪದ ಬರೆದರೆ ಏನೂ ತೂಗುವುದಿಲ್ಲ. ಎನ್ರಾನ್ ಕಂಪನಿಯ ಮೌಲ್ಯಗಳ ಪಟ್ಟಿಯಲ್ಲೂ ಆ ಪದ ಇತ್ತು, ಲೆಕ್ಕದ ಮೋಸ ಬಯಲಾಗಿ 2001ರಲ್ಲಿ ಅದು ದಿವಾಳಿಯಾಯಿತು.

20, 300 ಅನ್ನೋ ಅಂಕಿಗಳನ್ನ ಬೇಕಂತಲೇ ಬಿಟ್ಟೆ. ಹಿಂದೆ ನಾನಿದ್ದ ಕಡೆ ಮಿಷನ್ ಒಳಗೇ ‘10 ದಿನದಲ್ಲಿ ಡೆಲಿವರಿ’ ಅಂತ ಬರೆದಿದ್ದೆವು. ಹೀಟ್ ಟ್ರೀಟ್‌ಮೆಂಟ್ ಹೊರಗೆ ಕೊಡಲು ಶುರುಮಾಡಿದ ಮೇಲೆ ಅದು 16 ದಿನ ಆಯಿತು, ಬೋರ್ಡ್ ಮಾತ್ರ ಹಾಗೇ ಸುಳ್ಳು ಹೇಳುತ್ತಾ ನಿಂತಿತ್ತು. ಬದಲಾಗುವ ಅಂಕಿ ವರ್ಷದ ಕ್ವಾಲಿಟಿ ಆಬ್ಜೆಕ್ಟಿವ್ ಪಟ್ಟಿಗೆ ಹೋಗಲಿ.

ತುಮಕೂರು, ಶೀಟ್ ಮೆಟಲ್: ಕಡ್ಡಾಯ ಅನ್ನೋದು ನನ್ನ ತಪ್ಪು, ಒಪ್ಪಿದೆ. ಆದರೆ ‘ಸ್ಪೂಲ್’ ಅಂತ ಬರೆದುಬಿಟ್ಟರೆ ನಾಳೆ ಯಾರಾದರೂ ಬುಷ್ ಕೇಳಿಕೊಂಡು ಬಂದರೆ? ಬಾಗಿಲಲ್ಲೇ ವಾಪಸ್ ಹೋಗ್ತಾರೆ. ಮಂದಾದ ವರ್ಷದಲ್ಲಿ ಸಿಕ್ಕಿದ ಕೆಲಸ ಮಾಡಿಯೇ ನಾವು ಉಳಿದದ್ದು.

ರಾಜಾಜಿನಗರ, ನಿವೃತ್ತ ಕ್ವಾಲಿಟಿ ಮ್ಯಾನೇಜರ್: ಅದು ನಿಜವಾದ ಭಯ. ಬುಷ್ ಬಂದರೆ ಮಾಡಿ, ಮಿಷನ್ ಏನೂ ಕೈ ಕಟ್ಟಲ್ಲ. ಆದರೆ ಬುಷ್ಷಿಗೋಸ್ಕರ ಹೊಸ ಮಷಿನ್ ಸಾಲಕ್ಕೆ ಸಹಿ ಹಾಕುವಾಗ ಆ ವಾಕ್ಯ ಒಮ್ಮೆ ಓದಿ. ಎರಡು ವರ್ಷ ಬುಷ್ಷೇ ಹೆಚ್ಚಾದರೆ ವಾಕ್ಯವನ್ನೇ ಬದಲಿಸಿ.

ಪೀಣ್ಯ, ಮಷಿನ್ ಶಾಪ್: ಒಂದು ವಿಷಯ ಹೇಳಲೇಬೇಕು. ಆ 180 ಪೀಸ್ ತಪ್ಪನ್ನ ತಾನೇ ಬಂದು ಹೇಳಿದ್ದು ಗ್ರೈಂಡರ್ ಆಪರೇಟರ್. ಆ ತಿಂಗಳು ಅವನ ಇನ್ಸೆಂಟಿವ್ ಕಟ್ ಆಯ್ತು. ನಮ್ಮ ಸ್ಕೀಮ್ ಹಾಗಿದೆ, ರಿಜೆಕ್ಷನ್ ಶೇ. 2 ದಾಟಿದರೆ ಕಟ್. ಈಗ ‘ದಂಡ ಇಲ್ಲ’ ಅಂತ ಬೋರ್ಡ್ ಹಾಕಿದರೆ ಅವನು ಓದಿ ಏನಂದುಕೊಳ್ಳಬೇಕು?

ಬೆಳಗಾವಿ, ಫೌಂಡ್ರಿ: ಮೊದಲ ಅವನ ರೊಕ್ಕ ಕೊಡ್ರೀ. ಬೋರ್ಡ್ ಆಮ್ಯಾಲೆ.

ರಾಜಾಜಿನಗರ, ನಿವೃತ್ತ ಕ್ವಾಲಿಟಿ ಮ್ಯಾನೇಜರ್: ಬೆಳಗಾವಿಯವರ ಮಾತೇ ನನ್ನದೂ. ಸ್ಕೀಮ್ ತಿದ್ದುವವರೆಗೆ ಆ ಎರಡನೇ ಸಾಲನ್ನ ಫಾರಂನಲ್ಲಿ ಬರೀಬೇಡಿ, ಮೊದಲ ಸಾಲು ಮಾತ್ರ ಸಾಕು. ತಾನೇ ಹೇಳಿದ ರಿಜೆಕ್ಷನ್ನನ್ನ ಲೆಕ್ಕದಿಂದ ಬಿಟ್ಟರೆ ಬೇಕಾಬಿಟ್ಟಿ ಕೆಲಸ ಮಾಡುವವರೂ ಅದೇ ದಾರಿ ಹಿಡಿಯಬಹುದು, ಅದಕ್ಕೆ ನನ್ನ ಹತ್ತಿರ ಪಕ್ಕಾ ಸೂತ್ರ ಇಲ್ಲ. ಯಾರಾದರೂ ಮಾಡಿ ನೋಡಿದ್ದೀರಾ?

ಪೀಣ್ಯ, ಮಷಿನ್ ಶಾಪ್: ತಮ್ಮನಿಗೆ ತೋರಿಸಿದೆ. ಮಿಷನ್ ಸರಿ ಅಂದ, ಇನ್ಸೆಂಟಿವ್ ವಿಷಯಕ್ಕೆ ಮಾತ್ರ ಗುರ್ ಅಂದ. ಫಾರಂ ಸೋಮವಾರ ಕಳಿಸಬೇಕು. ಇನ್ನೊಂದು: ಆ ಗ್ರೈಂಡರ್ ಹುಡುಗ ಒಡಿಶಾದವನು, ಅವನಿಗೆ ಕನ್ನಡ ಓದೋಕೆ ಬರಲ್ಲ. ಬೋರ್ಡ್ ಯಾವ ಭಾಷೇಲಿ ಬರೆಸಲಿ?