43 ಶೇರುಗಳ ಸಂತೆ: ಎಷ್ಟು ಇಟ್ಕೊಳ್ಳಲಿ?

ನಮಸ್ಕಾರ, ಶಿರಸಿಯಿಂದ ಬರೀತಿದ್ದೇನೆ. ಅಡಿಕೆ ಮಾರಿದಾಗಲೆಲ್ಲ ಸ್ವಲ್ಪ ಸ್ವಲ್ಪ ಶೇರು ಕೊಂಡೆ. ಈಗ 1,20,000 ರೂಪಾಯಿ 43 ಕಂಪನಿಗಳಲ್ಲಿ ಹರಡಿದೆ. 13ರಲ್ಲಿ ಸುಮಾರು 93,000 ಇದೆ. ಉಳಿದ 30ರಲ್ಲಿ ತಲಾ 900ರ ಆಸುಪಾಸು, ಹೆಚ್ಚಿನವು ಯಾರೋ ಹೇಳಿದರು ಅಂತ ಸುಮ್ನೆ ಕೊಂಡವು.

ಹೋದ ವಾರ ಒಂದೇ ಕಂಪನಿಯ ಮೂರು ಶೇರನ್ನು ದಿನಕ್ಕೊಂದರಂತೆ ಮಾರಿದೆ. ಕೈಗೆ ಬಂದದ್ದು 900, ಆದರೆ ಡಿಪಿ ಚಾರ್ಜ್ ಅಂತ ಮೂರು ಸಲ 15 ರೂಪಾಯಿ ಕತ್ತರಿಸಿದ್ದಾರೆ. ಅಂದ್ರೆ ನೂರಕ್ಕೆ 5 ರೂಪಾಯಿ! ವಿಚಾರಿಸಿದರೆ, ಒಂದು ಶೇರು ಮಾರಲಿ, ನೂರು ಮಾರಲಿ, ಕಂಪನಿಗೆ ದಿನಕ್ಕೊಂದು ಚಾರ್ಜ್ ಅಂತೆ. ನಾನೇ ಮೂರು ದಿನ ಎಳೆದೆ, ತಪ್ಪು ನನ್ನದೇ.

ಇನ್ನೊಂದು ಲೆಕ್ಕ ನೋಡಿ. 900ರ ಶೇರು ಡಬಲ್ ಆದರೂ ಒಟ್ಟು ಹಣ ಏರೋದು ಮುಕ್ಕಾಲು ಪರ್ಸೆಂಟ್ ಮಾತ್ರ. ಅಷ್ಟಕ್ಕೆ 43 ಕಂಪನಿಗಳ ರಿಸಲ್ಟ್ ಯಾರು ಓದ್ತಾರೆ? ನಾನಂತೂ ಓದಿಲ್ಲ.

30ನ್ನೂ ಮಾರಿದರೆ ಚಾರ್ಜೇ 450. ಅದರಲ್ಲಿ 18 ನಷ್ಟದಲ್ಲಿವೆ, ಅಲ್ಲೇ ಕೈ ತಡೆಯುತ್ತಿದೆ.

ತಿಳಿದವರು ಹೇಳಿ: ನನ್ನಷ್ಟು ಹಣಕ್ಕೆ 13 ಸಾಕಾ, ಇಲ್ಲ 20 ಬೇಕಾ? ನಷ್ಟದವನ್ನೂ ಈಗಲೇ ಮಾರಿಬಿಡಲಾ, ಅಸಲು ಬರುವವರೆಗೆ ಕಾಯಲಾ?