ಫೋಟೊ ಮೇಲೆ ಹೆಸರು ಕಾಣುತ್ತಿಲ್ಲ (ಮದುವೆ ಕಾರ್ಡ್, ಅರ್ಜೆಂಟ್)

ಗಂಗಾವತಿ_ತಮ್ಮ: ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಅಕ್ಕನ ಮದುವೆ ಕಾರ್ಡ್. ಹಿಂದೆ ಆನೆಗೊಂದಿ ಹೊಳೆ ದಂಡೆಯ ಫೋಟೊ, ಸುತ್ತ ಬಂಗಾರದ ಬಳ್ಳಿ ಬಾರ್ಡರ್. ಹೆಸರು ಬಿಳಿ ಮಾಡಿದರೆ ಅರ್ಧ ಮಾಯ, ಕರಿ ಮಾಡಿದರೆ ಇನ್ನರ್ಧ ಮಾಯ. ಅಪ್ಪ ಮೊಬೈಲಲ್ಲಿ ನೋಡಿ "ಯಾರ ಮದುವೆಪಾ ಇದು?" ಅಂದರು.

ಸಿಂಧನೂರು_ನುಡಿ: ಇದು ಫಾಂಟ್ ಸಮಸ್ಯೆ. ನುಡಿಯಲ್ಲಿ ಟೈಪ್ ಮಾಡಿ ಯೂನಿಕೋಡ್ ಫಾಂಟ್ ಹಾಕಿದರೆ ಹೀಗೇ ಆಗುತ್ತೆ. ಕನ್ವರ್ಟ್ ಮಾಡಿ.

ಗಂಗಾವತಿ_ತಮ್ಮ: ಅಕ್ಷರ ಸರಿಯಾಗೇ ಇವೆ ಸರ್. ಕಾಣುತ್ತಿಲ್ಲ, ಅಷ್ಟೇ.

ಸಿಂಧನೂರು_ನುಡಿ: ಮೊದಲು ಕನ್ವರ್ಟ್ ಮಾಡಿ ನೋಡಿ, ಆಮೇಲೆ ಮಾತಾಡಿ.

ಸಿರುಗುಪ್ಪ_ಸ್ಟುಡಿಯೊ: ಕರಿ ಸ್ಟ್ರೋಕ್ ಕೊಡಿ, 8 ಪಿಕ್ಸೆಲ್. ನಾನು 32 ಇಂಚು ಮಾನಿಟರ್‌ನಲ್ಲಿ ಮಾಡುವುದು, ಎಲ್ಲಾ ಚಕಚಕ ಕಾಣುತ್ತೆ.

ಗಂಗಾವತಿ_ತಮ್ಮ: ಕೊಟ್ಟೆ. "ಜ್ಯೋತಿ"ಯ ಯ-ಒತ್ತು ಮುಚ್ಚಿಹೋಯಿತು.

ಕೊಪ್ಪಳ_ಡಿಟಿಪಿ: ತಮ್ಮಾ, ಯಾವ ಸಾಫ್ಟ್‌ವೇರ್? ಹೆಸರು ಫೋಟೊದಲ್ಲಿ ಎಲ್ಲಿ ಕೂತಿದೆ? ಅದನ್ನೇ ಹೇಳಿಲ್ಲವಲ್ಲ.

ಗಂಗಾವತಿ_ತಮ್ಮ: ಫೋಟೊಶಾಪ್ ಅಕ್ಕಾ. ಹೆಸರಿನ ಮೇಲರ್ಧ ಬೆಳಗಿನ ಆಕಾಶದ ಮೇಲೆ, ಕೆಳಗರ್ಧ ಬಂಡೆಗಳ ಮೇಲೆ.

ಕೊಪ್ಪಳ_ಡಿಟಿಪಿ: ಅಲ್ಲೇ ಇದೆ ನೋಡು. ಒಂದೇ ಬಣ್ಣ ಎರಡೂ ಕಡೆ ಓಡಲ್ಲ. ಸ್ಟ್ರೋಕ್ ತೆಗೆದುಬಿಡು. ಬೇಕೇ ಬೇಕಂದರೆ `Position` ಅನ್ನು `Outside` ಇಟ್ಟು 2 ಪಿಕ್ಸೆಲ್ ಸಾಕು. `Center` ಇದ್ದರೆ ಅದು ಅಕ್ಷರದ ಒಳಗನ್ನೂ ತಿನ್ನುತ್ತೆ. ಕನ್ನಡದ ಒತ್ತಿಗೆ ಇರುವ ಜಾಗವೇ ಇಷ್ಟು.

ಫೋಟೊಗೂ ಅಕ್ಷರಕ್ಕೂ ನಡುವೆ ಹೊಸ ಲೇಯರ್ ಹಾಕಿ, ಹೆಸರಿನ ಹಿಂದೆ ಮಾತ್ರ ಕರಿ ಗ್ರೇಡಿಯಂಟ್ ಎಳೆ, ಅಂಚು ಕರಗಲಿ. ಲೇಯರ್‌ನ ಒಪಾಸಿಟಿ 30% ಕೊಟ್ಟು ಸುಮ್ನಾಗಬೇಡ. ಕರಿ 0, ಬಿಳಿ 255 ಅನ್ನೋ ಲೆಕ್ಕದಲ್ಲಿ ಅಚ್ಚ ಬಿಳಿ ಆಕಾಶ 255 ಇದ್ದರೆ 30%ಗೆ 178ಕ್ಕೆ ಇಳಿಯುತ್ತೆ, ಅದರ ಮೇಲೆ ಬಿಳಿ ಅಕ್ಷರ ಇನ್ನೂ ಮಸುಕೇ. 60%ಗೆ 102ಕ್ಕೆ ಬರುತ್ತೆ, ಆಗ ಎದ್ದು ಕಾಣುತ್ತೆ. ಆಮೇಲೆ ಫೋನಿಗೆ ಕಳಿಸಿ, ಗ್ಯಾಲರಿಯಲ್ಲಿ ತೆರೆಯದೆ, ಹೆಬ್ಬೆರಳಷ್ಟು ಚಿಕ್ಕ ಚಿತ್ರದಲ್ಲೇ ಹೆಸರು ಓದಲಿಕ್ಕೆ ಬರುತ್ತಾ ನೋಡು.

ಸಿರುಗುಪ್ಪ_ಸ್ಟುಡಿಯೊ: ಇಷ್ಟು ಕಪ್ಪು ಮಾಡಿದರೆ ಫೋಟೊ ಯಾಕೆ ಬೇಕು?

ಕೊಪ್ಪಳ_ಡಿಟಿಪಿ: ಪೂರ್ತಿ ಫೋಟೊಗೆ ಹೇಳಿಲ್ಲ ಅಣ್ಣಾ, ಹೆಸರಿನ ಹಿಂದೆ ಅಂದೆ. 32 ಇಂಚಲ್ಲಿ ಮದುವೆಗೆ ಯಾರು ಕರೆಯುತ್ತಾರೆ?

ಗಂಗಾವತಿ_ತಮ್ಮ: ಹೆಸರು ಎದ್ದು ಬಂತು! ಆದರೆ ಅಮ್ಮ ಮುನಿಸಿಕೊಂಡಿದ್ದಾಳೆ, ಶುಭಕಾರ್ಯಕ್ಕೆ ಕರಿ ಬಣ್ಣ ಬೇಡವಂತೆ.

ಕೊಪ್ಪಳ_ಡಿಟಿಪಿ: ಕುಂಕುಮಕ್ಕಿಂತ ಗಾಢವಾದ ಮೆರೂನ್ ಹಾಕು, `#3B0A12`. ಕರಿಗಿಂತ ಸ್ವಲ್ಪ ತಿಳಿ, ಹಾಗಾಗಿ 70% ಇಡು.

ಮಸ್ಕಿ_ಪುಟ್ಟ: ನನ್ನ ತಂಗಿ ಕಾರ್ಡಿಗೆ ವಿಡಿಯೊನೇ ಮಾಡಿಸಿದೆವು. ಹಾಡು ಹಾಕಿಸಿ.

ಗಂಗಾವತಿ_ತಮ್ಮ: ಮೆರೂನಿಗೆ ಅಮ್ಮ ಒಪ್ಪಿದಳು. ಬಾರ್ಡರ್ ಮಾತ್ರ ಎಡಗಡೆ ಹಳದಿ ಬಂಡೆ ಮೇಲೆ ಇನ್ನೂ ಮುಳುಗಿದೆ, ಅದಕ್ಕೇನು ಮಾಡಲಿ? ಅಪ್ಪ ಈಗ ಎಲ್ಲಾ ಓದಿದರು. ಮುಹೂರ್ತದ ಟೈಮ್ ತಪ್ಪಾಗಿದೆಯಂತೆ.