ಸಮುದಾಯ ಭವನದ ತಾರಸಿ: ಒಂದೇ ಮಳೆಗೆ 62 ಸಾವಿರ ಲೀಟರ್ ಬರುತ್ತದಾ?

ಮನೆ 21: ಎಲ್ಲರಿಗೂ ನಮಸ್ಕಾರ. ಭವನದ ತಾರಸಿ ನೀರು ಹಿಡಿಯುವ ಕೆಲಸಕ್ಕೆ ಕಂಟ್ರಾಕ್ಟರ್ ಎಸ್ಟಿಮೇಟ್ ಕೊಟ್ಟಿದ್ದಾರೆ. 30 ಮಿ.ಮೀ. ಮಳೆ ಬಿದ್ದರೆ 61,920 ಲೀಟರ್ ಸಿಗುತ್ತದೆ, ಅದಕ್ಕೆ 60 ಸಾವಿರ ಲೀಟರಿನ ಸಂಪು ಬೇಕು ಅಂತ ಬರೆದಿದ್ದಾರೆ. ಭಾನುವಾರದ ಮೀಟಿಂಗಿನಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ಯಾರಾದರೂ ಈ ಲೆಕ್ಕ ಒಮ್ಮೆ ನೋಡಿ. ಹಾಳೆಯಲ್ಲಿ ಇರುವುದು ಇಷ್ಟೇ:

```
2580 × 30 × 0.8 = 61920
```

ಮನೆ 34: ಸೂಪರ್! ಒಂದೇ ಮಳೆಗೆ ಇಷ್ಟಾದರೆ ಇನ್ನೇನು ಬೇಕು ಸಾರ್. ಸೂತ್ರ ಸರಿಯಾಗಿಯೇ ಇದೆ, ನಾನೂ ನೋಡಿದ್ದೇನೆ. ಚಾವಣಿ, ಮಳೆ, ಗುಣಾಂಕ, ಮೂರನ್ನೂ ಗುಣಿಸಿದರೆ ಲೀಟರ್ ಬರುತ್ತದೆ. ಒಪ್ಪಿಗೆ ಕೊಟ್ಟುಬಿಡೋಣ.

ಮನೆ 3: ಮಳೆ ಬಂದಾಗ ಭವನದ ನೀರೆಲ್ಲ ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಕೆಳಗಿನ ಬೀದಿಯವರು ಹೋದ ಮಳೆಗಾಲದಿಂದ ಹೇಳುತ್ತಲೇ ಇದ್ದೇವೆ. ಈ ಸಂಪು ಕಟ್ಟಿದರೆ ಅದು ನಿಲ್ಲುತ್ತದಾ? ನನಗೆ ಅಷ್ಟು ಹೇಳಿ ಸಾಕು.

ಮನೆ 9: ಸೂತ್ರ ಸರಿ, ಅದಕ್ಕೆ ಹಾಕಿದ ಅಳತೆ ತಪ್ಪು. 2580 ಅನ್ನುವುದು ಚದರ ಅಡಿ. ಲೀಟರ್ ಬೇಕಾದರೆ ಅಲ್ಲಿ ಚದರ ಮೀಟರ್ ಹಾಕಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಆದ್ದರಿಂದಲೇ ಈ ಲೆಕ್ಕ ಇಷ್ಟು ಸುಲಭ. ಭವನ 20 ಮೀಟರ್ ಉದ್ದ, 12 ಮೀಟರ್ ಅಗಲ, ಅಂದರೆ 240 ಚದರ ಮೀಟರ್.

```
240 × 30 × 0.8 = 5760 ಲೀಟರ್
```

62 ಸಾವಿರ ಅಲ್ಲ, ಆರು ಸಾವಿರಕ್ಕೂ ಸ್ವಲ್ಪ ಕಡಿಮೆ.

ಮನೆ 34: ಹತ್ತು ಪಟ್ಟು ವ್ಯತ್ಯಾಸವಾ? ಅವರು ದಿನಾ ಇದೇ ಕೆಲಸ ಮಾಡುವವರಲ್ವಾ ಸಾರ್.

ಮನೆ 9: ಇರಬಹುದು. ಸೂತ್ರವನ್ನೇ ನಂಬಬೇಡಿ, ಹೀಗೆ ನೋಡಿ. 62 ಸಾವಿರ ಲೀಟರನ್ನು 240 ಚದರ ಮೀಟರಿನ ತಾರಸಿ ಮೇಲೆ ವಾಪಸ್ ಸುರಿದರೆ ಎಷ್ಟು ಎತ್ತರ ನಿಲ್ಲುತ್ತದೆ? 62,000 ಭಾಗಿಸು 240 ಅಂದರೆ 258 ಮಿ.ಮೀ. ಹತ್ತಿರ ಹತ್ತಿರ 26 ಸೆಂ.ಮೀ. ಆಕಾಶದಿಂದ ಬಿದ್ದದ್ದು ಬರೀ 3 ಸೆಂ.ಮೀ. ಉಳಿದ ನೀರು ಎಲ್ಲಿಂದ ಬಂತು? ಯಾವ ಎಸ್ಟಿಮೇಟ್ ಬಂದರೂ ಮೊದಲು ಹೀಗೆ ತಿರುಗಿಸಿ ನೋಡಿ. ಬಿದ್ದ ಮಳೆಗಿಂತ ಜಾಸ್ತಿ ಬಂದರೆ ಆ ಹಾಳೆ ಮುಂದೆ ಓದುವ ಅಗತ್ಯವಿಲ್ಲ. ಚದರ ಅಡಿಯೇ ಕೈಯಲ್ಲಿದ್ದರೆ 10.76ರಿಂದ ಭಾಗಿಸಿಕೊಂಡರಾಯಿತು.

ಮನೆ 21: ಇದು ಅರ್ಥವಾಯಿತು ಸಾರ್. ಹಾಗಾದರೆ ಎಸ್ಟಿಮೇಟ್ ವಾಪಸ್ ಕಳಿಸುತ್ತೇನೆ. ಆ 0.8 ಸರಿಯಾ?

ಮನೆ 9: ಕಾಂಕ್ರೀಟ್ ತಾರಸಿಗೆ ಸಾಮಾನ್ಯವಾಗಿ 0.7ರಿಂದ 0.9ರ ಒಳಗೆ ಹಿಡಿಯುತ್ತಾರೆ. 0.8 ಅಂತ ಶುರು ಮಾಡಲು ತೊಂದರೆಯಿಲ್ಲ. ತಾರಸಿ ಕುಡಿದುಕೊಳ್ಳುವ ನೀರು, ತಗ್ಗಿನಲ್ಲಿ ನಿಂತು ಆರಿಹೋಗುವುದು, ಚಿಮ್ಮಿ ಹೊರಗೆ ಬೀಳುವುದು, ಇದೆಲ್ಲ ಆ ಉಳಿದ 0.2ರಲ್ಲಿ ಬಂತು. ಆದರೆ ಅದು ಎಲ್ಲಾ ಮಳೆಗೂ ಒಂದೇ ಅಂಕಿ ಅಂತ ತಿಳಿಯಬೇಡಿ. ಜಿಟಿಜಿಟಿ ಮಳೆಗೆ ಅದು ನಡೆಯುವುದೇ ಇಲ್ಲ.

ಮನೆ 17: ನಮ್ಮದು ಹೆಂಚಿನ ಮನೆ. ಎರಡು ಕಡೆ ಇಳಿಜಾರು, ಒಂದೊಂದು 5 ಮೀಟರ್, ಉದ್ದ 12 ಮೀಟರ್. ಒಟ್ಟು 120 ಚದರ ಮೀಟರ್ ಆಯಿತಲ್ಲ. ನಮಗೂ ಇದೇ ಲೆಕ್ಕವಾ?

ಮನೆ 9: ಲೆಕ್ಕ ಇದೇ, 120 ಮಾತ್ರ ಅಲ್ಲ. ಇಳಿಜಾರಿನ ಮೇಲೆ ಟೇಪ್ ಇಟ್ಟು ಅಳೆಯಬಾರದು. ಮಳೆ ಮೇಲಿಂದ ನೇರ ಬೀಳುತ್ತದೆ, ಹಾಗಾಗಿ ನೆಲದ ಮೇಲೆ ಚಾವಣಿ ಮುಚ್ಚುವ ಜಾಗ ಎಷ್ಟೋ ಅಷ್ಟೇ ಲೆಕ್ಕಕ್ಕೆ. ಕೆಳಗೆ ನಿಂತು ಈ ಸೂರಿನ ತುದಿಯಿಂದ ಆ ಸೂರಿನ ತುದಿಯವರೆಗೆ ಅಳೆಯಿರಿ. ಗೋಡೆಯಿಂದ ಗೋಡೆಗೆ ಅಲ್ಲ, ಸೂರು ಹೊರಗೆ ಚಾಚಿರುತ್ತದಲ್ಲ. ನಿಮ್ಮ ಇಳಿಜಾರು 30 ಡಿಗ್ರಿ ಇದ್ದರೆ ಅಗಲ 10 ಮೀಟರ್ ಬದಲು ಸುಮಾರು 8.66 ಬರುತ್ತದೆ. ಒಟ್ಟು 104 ಚದರ ಮೀಟರ್.

ಮನೆ 17: ಗಾಳಿ ಮಳೆ ಬಂದರೆ? ನಮ್ಮ ಒಂದು ಪಕ್ಕಕ್ಕೆ ಯಾವಾಗಲೂ ಜಾಸ್ತಿ ಹೊಡೆಯುತ್ತದೆ. ಆಗ ಆ ಕಡೆಯ ದೋಣಿ ತುಂಬಿ ಚೆಲ್ಲುತ್ತದೆ, ಈ ಕಡೆ ಸುಮ್ನೆ ತೊಟ್ಟಿಕ್ಕುತ್ತದೆ.

ಮನೆ 9: ಅದು ನಿಜ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಎರಡೂ ದೋಣಿ ಒಂದೇ ಟ್ಯಾಂಕಿಗೆ ಬಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದೇ ಕಡೆ ಪೈಪ್ ಹಾಕಿದ್ದರೆ ಅಂದಾಜು ತಪ್ಪುತ್ತದೆ. ಇನ್ನು ಚೆಲ್ಲಿದ ನೀರು ಯಾವ ಗುಣಾಂಕದಲ್ಲೂ ಬರುವುದಿಲ್ಲ, ದೋಣಿಯನ್ನೇ ದೊಡ್ಡದು ಮಾಡಬೇಕು.

ಮನೆ 34: ನಾನೊಂದು ಲೆಕ್ಕ ಮಾಡಿದೆ. ವರ್ಷಕ್ಕೆ 800 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳೋಣ. 240 × 800 × 0.8 ಅಂದರೆ 1,53,600 ಲೀಟರ್. 40 ಮನೆಗೆ ಹಂಚಿದರೆ ಮನೆಗೆ 3,840. ದಿನಕ್ಕೆ ಹತ್ತು ಲೀಟರ್ ಚಿಲ್ಲರೆ. ವರ್ಷವಿಡೀ! ಹಾಗಾಗಿ ದೊಡ್ಡ ಸಂಪೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಮನೆ 9: ಗುಣಾಕಾರ ಸರಿಯಾಗಿದೆ. ಆದರೆ ಮಳೆ ವರ್ಷವಿಡೀ ದಿನಕ್ಕಿಷ್ಟು ಅಂತ ಬೀಳುವುದಿಲ್ಲವಲ್ಲ. ವರ್ಷದ ಒಟ್ಟು ಅಂಕಿ ಬಿದ್ದದ್ದನ್ನು ಹೇಳುತ್ತದೆ, ನಿಮ್ಮ ಕೈಗೆ ಸಿಗುವುದನ್ನಲ್ಲ. ಸಂಪು ತುಂಬಿದ ಮೇಲೆ ಬಂದ ನೀರು ಚರಂಡಿಗೇ. ಭವನದ ಗಿಡಗಳಿಗೆ, ನೆಲ ತೊಳೆಯಲು, ಟಾಯ್ಲೆಟ್ಟಿಗೆ ಸೇರಿ ದಿನಕ್ಕೆ 800 ಲೀಟರ್ ಬಳಕೆ ಅಂದುಕೊಳ್ಳಿ. ಸಂಪು 10 ಸಾವಿರದ್ದು, ಈಗ ಖಾಲಿ ಇದೆ. ನಾಲ್ಕು ದಿನದ ಮಳೆ 30, 0, 45, 20 ಮಿ.ಮೀ. ಪ್ರತಿ ಮಳೆಯಲ್ಲೂ ಮೊದಲ ಕೊಳೆ ನೀರು ಒಂದು ಮಿ.ಮೀ., ಅಂದರೆ 240 ಲೀಟರ್ ಹೊರಗೆ ಬಿಡುತ್ತೇವೆ.

ಮೊದಲ ದಿನ 5,760ರಲ್ಲಿ 240 ಕಳೆದು 5,520 ಬಂತು. 800 ಬಳಸಿ ಉಳಿದದ್ದು 4,720. ಎರಡನೇ ದಿನ ಮಳೆಯಿಲ್ಲ, 3,920. ಮೂರನೇ ದಿನ 8,400 ಬರುತ್ತದೆ, ಸೇರಿದರೆ 12,320. ಸಂಪು ಹಿಡಿಯುವುದು 10,000, ಹಾಗಾಗಿ 2,320 ಹೊರಗೆ. ಬಳಕೆ ಕಳೆದು 9,200. ನಾಲ್ಕನೇ ದಿನ ಇನ್ನೂ 3,600, ಅದರಲ್ಲಿ 2,800 ಹೊರಗೆ. ನಾಲ್ಕು ದಿನದಲ್ಲಿ ಬಂದದ್ದು 17,520, ಚೆಲ್ಲಿದ್ದು 5,120.

ಮನೆ 34: ನೋಡಿ, ಅದನ್ನೇ ನಾನು ಹೇಳಿದ್ದು! 20 ಸಾವಿರದ್ದು ಕಟ್ಟಿದರೆ ಒಂದು ಹನಿಯೂ ಚೆಲ್ಲುವುದಿಲ್ಲ.

ಮನೆ 9: ಈ ನಾಲ್ಕು ದಿನ ಚೆಲ್ಲುವುದಿಲ್ಲ, ಒಪ್ಪಿದೆ. ಕೊನೆಗೆ 14,320 ಲೀಟರ್ ಸಂಪಿನಲ್ಲೇ ಇರುತ್ತದೆ. ಬಳಕೆ ಅದೇ 800 ಆದರೆ ಮುಂದಿನ ವಾರದ ಮಳೆಗೆ ಜಾಗ ಎಲ್ಲಿ? ದೊಡ್ಡ ಸಂಪು ಒಮ್ಮೆ ತುಂಬುತ್ತದೆ, ಆಮೇಲೆ ಅದೂ ಚೆಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಕೆಲವು ದಿನ ಜಾಸ್ತಿ ನೀರು ಸಿಗುತ್ತದೆ, ಲಾಭ ಅಷ್ಟು. ಅದಕ್ಕಿಂತ ಮಳೆಗಾಲದಲ್ಲೇ ಬಳಕೆ ಹೆಚ್ಚಿಸುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಪಕ್ಕದ ಪಾರ್ಕಿನ ಟಾಯ್ಲೆಟ್ಟಿಗೂ ಪೈಪ್ ಎಳೆದರೆ ಚಿಕ್ಕ ಸಂಪೇ ಹೆಚ್ಚು ನೀರು ಕೊಡುತ್ತದೆ.

ಮನೆ 34: ಇದನ್ನು ನಾನು ಒಪ್ಪುವುದಿಲ್ಲ ಸಾರ್. ಬೇಸಿಗೆಗೆ ನೀರು ಉಳಿಸುವುದೇ ಉದ್ದೇಶ ಆಗಿತ್ತು. ಮೀಟಿಂಗಿನಲ್ಲಿ ಮಾತಾಡೋಣ.

ಮನೆ 3: ನನಗೆ ತಿಳಿದದ್ದು ಇಷ್ಟು. ಸಂಪು ಕಟ್ಟಿದರೂ ಜೋರು ಮಳೆ ದಿನ ಎರಡು ಮೂರು ಸಾವಿರ ಲೀಟರ್ ನಮ್ಮ ಗೇಟಿಗೇ ಬರುತ್ತದೆ. ಹೌದಾ ಅಲ್ವಾ?

ಮನೆ 9: ಹೌದು ಮೇಡಂ. ಸಂಪು ಖಾಲಿ ಇದ್ದ ದಿನ ನಿಮಗೆ ನೆಮ್ಮದಿ, ತುಂಬಿದ ದಿನ ಮೊದಲಿನ ಹಾಗೆಯೇ. ಹೆಚ್ಚಾದ ನೀರಿಗೆ ಬೇರೆ ದಾರಿ ಬೇಕು. ಇಂಗುಗುಂಡಿಯೋ ಚರಂಡಿಯೋ ಅನ್ನುವುದು ಅಲ್ಲಿನ ಮಣ್ಣು ಎಷ್ಟು ಬೇಗ ಕುಡಿಯುತ್ತದೆ ಅನ್ನುವುದರ ಮೇಲೆ. ಗುಂಡಿ ತೋಡಿ ನೀರು ಹಾಕಿ ನೋಡದೆ ನಾನು ಹೇಳಲಾರೆ.

ಮನೆ 3: ಹಾಗಾದರೆ ಎಸ್ಟಿಮೇಟಿನಲ್ಲಿ ಅದೂ ಬರಲಿ. ಅದಿಲ್ಲದೆ ಕೆಳಗಿನ ಬೀದಿಯವರು ಒಪ್ಪಿಗೆ ಕೊಡುವುದಿಲ್ಲ.

ಮನೆ 21: ಬರೆದುಕೊಂಡೆ ಅಕ್ಕ. ಸಾರ್, ಜಿಟಿಜಿಟಿ ಮಳೆಗೆ ಗುಣಾಂಕ ನಡೆಯುವುದಿಲ್ಲ ಅಂದಿರಲ್ಲ, ಅದೇನು?

ಮನೆ 9: ನಮ್ಮ ಮನೆಯದ್ದೇ ಅಳತೆ ಹೇಳುತ್ತೇನೆ. ತಾರಸಿ 120 ಚದರ ಮೀಟರ್. ತೊಟ್ಟಿಯ ತಳ 2 ಮೀಟರ್ ಉದ್ದ, 1 ಮೀಟರ್ ಅಗಲ. ಹಾಗಾಗಿ ನೀರು ಒಂದು ಸೆಂ.ಮೀ. ಏರಿದರೆ 20 ಲೀಟರ್. ಮಳೆ ಅಳೆಯಲು ನೇರ ಗೋಡೆಯ ಡಬ್ಬ ತಾರಸಿಯ ಬಯಲಲ್ಲಿ ಇಡುತ್ತೇನೆ. ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್ ಇಟ್ಟರೆ ಅಳತೆ ಜಾಸ್ತಿ ತೋರಿಸುತ್ತದೆ, ಅದು ಬೇಡ.

18 ಮಿ.ಮೀ. ಬಿದ್ದ ದಿನ ತೊಟ್ಟಿ 85 ಸೆಂ.ಮೀ. ಏರಿತು, 1,700 ಲೀಟರ್. ಬಿದ್ದದ್ದು 2,160. ಅಂದರೆ 0.79. ಅದೇ 3 ಮಿ.ಮೀ. ಬಿದ್ದ ದಿನ ಬಿದ್ದದ್ದು 360, ತೊಟ್ಟಿಗೆ ಬಂದದ್ದು ಬರೀ 6 ಸೆಂ.ಮೀ., 120 ಲೀಟರ್. ಅದು 0.33. ತಾರಸಿ ಒದ್ದೆಯಾಗಲು, ತಗ್ಗು ತುಂಬಲು ಇಷ್ಟು ನೀರು ಅಂತ ಬೇಕೇ ಬೇಕು. ಮೊದಲ ಕೊಳೆ ನೀರಿನ ಪೈಪ್ ತುಂಬಲೂ ಇಷ್ಟು. ಮಳೆ ದೊಡ್ಡದಾದರೆ ಆ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಚಿಕ್ಕದಾದರೆ ಬಹುಪಾಲು ಅದೇ ತಿಂದುಬಿಡುತ್ತದೆ. ತಿಂಗಳಿಗೆ 60 ಮಿ.ಮೀ. ಅಂದರೂ ಅದು ಎರಡು ಮಳೆಯಲ್ಲಿ ಬಂತಾ, ಇಪ್ಪತ್ತು ಮಳೆಯಲ್ಲಿ ಬಂತಾ ಅಂತ ನೋಡಬೇಕು.

ಮನೆ 17: ಸಾರ್, ಆ 0.79ರಲ್ಲಿ ಕೊಳೆ ನೀರು ಆಗಲೇ ಕಳೆದಿದೆ ಅಲ್ವಾ? ಭವನಕ್ಕೆ 0.8 ಹಾಕಿ ಮತ್ತೆ 240 ಕಳೆದರೆ ಎರಡು ಸಲ ಕಳೆದ ಹಾಗಾಗಲಿಲ್ಲವಾ?

ಮನೆ 9: ಒಳ್ಳೆಯ ಪ್ರಶ್ನೆ. ನನ್ನ 0.79ರಲ್ಲಿ ಕಳೆದೇ ಬಂದಿದೆ. ಹೊರಬಿಟ್ಟ 120 ಲೀಟರ್ ಸೇರಿಸಿದರೆ 1,820 ಆಗುತ್ತದೆ, ಅದು 0.84. ಭವನಕ್ಕೆ ಹಾಕಿದ 0.8 ತಾರಸಿಯಿಂದ ಪೈಪಿಗೆ ಇಳಿಯುವ ನೀರಿನ ಅಂದಾಜು, ಕೊಳೆ ನೀರು ಆಮೇಲೆ ಕಳೆದದ್ದು. ಯಾರ ಗುಣಾಂಕ ತೆಗೆದುಕೊಂಡರೂ ಅದು ಪೈಪಿನ ಬಾಯಿಯದ್ದೋ, ಟ್ಯಾಂಕಿಗೆ ಬಿದ್ದದ್ದೋ ಅಂತ ಕೇಳಬೇಕು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಭವನದ ತಾರಸಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪೈಪ್ ಇವೆ. ಎಸ್ಟಿಮೇಟಿನ ಚಿತ್ರದಲ್ಲಿ ಸಂಪಿಗೆ ಜೋಡಿಸಿರುವುದು ರಸ್ತೆ ಕಡೆಯ ಎರಡು ಮಾತ್ರ. ಇಳಿಜಾರು ಸಮವಾಗಿದ್ದರೆ ಸಿಗುವುದು 120 ಚದರ ಮೀಟರಿನ ನೀರು. 30 ಮಿ.ಮೀ. ಮಳೆಗೆ 2,880, ಕೊಳೆ ನೀರು ಕಳೆದು 2,760. ನಾವು ಇಷ್ಟು ಹೊತ್ತು 240ಕ್ಕೆ ಲೆಕ್ಕ ಹಾಕುತ್ತಿದ್ದೆವು!

ಮನೆ 21: ಅಯ್ಯೋ. ಹಿಂದಿನ ಎರಡು ಪೈಪ್ ಎಲ್ಲಿಗೆ ಹೋಗುತ್ತವೆ?

ಮನೆ 3: ಎಲ್ಲಿಗೆ ಅಂದರೆ? ನಮ್ಮ ಗೇಟಿಗೆ!

ಮನೆ 9: ಅದಕ್ಕೇ ಮೊದಲು ಹಿಂದಿನ ಎರಡನ್ನು ಜೋಡಿಸುವುದು ಸರಿ. ಇಳಿಜಾರು ಎತ್ತ ಇದೆ ಅಂತ ಚಿತ್ರ ನೋಡಿ ಹೇಳಲಾಗುವುದಿಲ್ಲ. ತಾರಸಿ ನಡುವೆ ಒಂದೆರಡು ಕೊಡ ನೀರು ಸುರಿದು ಯಾವ ಮೂಲೆಗೆ ಹೋಗುತ್ತದೆ ನೋಡಬೇಕು.

ಮನೆ 21: ನಾಳೆ ಬೆಳಿಗ್ಗೆ 7ಕ್ಕೆ ಭವನದ ಕೀಲಿ ತರುತ್ತೇನೆ. 34ನೇ ಮನೆಯವರೂ ಬನ್ನಿ, ಟೇಪ್ ನಿಮ್ಮ ಹತ್ತಿರ ಇದೆಯಲ್ಲ. ಸಂಪು ಹತ್ತು ಸಾವಿರವೋ ಇಪ್ಪತ್ತೋ ಅನ್ನುವುದು ಭಾನುವಾರಕ್ಕೆ ಇರಲಿ.

ಮನೆ 34: ಬರುತ್ತೇನೆ. ಆದರೆ ಟೇಪಿನಲ್ಲಿ ಇರುವುದು ಅಡಿ ಮಾತ್ರ 😄